ಬೇಸಿಗೆಗೆ ಎಷ್ಟು, ಚಳಿಗಾಲಕ್ಕೆ ಎಷ್ಟು: ಫ್ರಿಜ್ ಡಯಲ್ ತಿರುಗಿಸುವ ಮುನ್ನ

ಪ್ರಶ್ನೆ: ನಮ್ಮದು ರಾಯಚೂರು. ಎರಡು ಬಾಗಿಲಿನ ಫ್ರಾಸ್ಟ್ ಫ್ರೀ ಫ್ರಿಜ್ ಇದೆ, ಏಳೆಂಟು ವರ್ಷದ್ದು. ಕೆಳಗೆ 1ರಿಂದ 7ರ ತನಕ ಡಯಲ್, ಮೇಲೆ ಫ್ರೀಜರಿನಲ್ಲಿ ಇನ್ನೊಂದು ನಾಬ್. ಬಿಸಿಲು ಜಾಸ್ತಿ ಆಯ್ತು ಅಂತ ಎರಡನ್ನೂ ಪೂರ್ತಿ ತಿರುಗಿಸಿಟ್ಟೆ. ಈಗ ಮೇಲೆ ಐಸ್‌ಕ್ರೀಂ ಕಲ್ಲಾಗಿದೆ, ಕೆಳಗೆ ಹಾಲು ಒಡೀತಿದೆ, ದೋಸೆ ಹಿಟ್ಟು ಬೆಳಗಾಗೋದ್ರಲ್ಲಿ ಹುಳಿ ಬಂದು ಉಕ್ಕಿರುತ್ತೆ. ಥರ್ಮಾಮೀಟರ್ ಇಟ್ಟು ನೋಡಿದರೆ ಕೆಳಗೆ 11 ಡಿಗ್ರಿ, ಮೇಲೆ ಮೈನಸ್ 24. ಬೇಸಿಗೆಗೆ ಎಷ್ಟಿಡಬೇಕು, ಚಳಿಗಾಲಕ್ಕೆ ಎಷ್ಟು? ನಮ್ಮ ಅತ್ತೆ ಮನೆಯಲ್ಲಿ ಸಿಂಗಲ್ ಡೋರ್ ಇದೆ, ಅದಕ್ಕೂ ಇದೇ ಲೆಕ್ಕವಾ?

ಉತ್ತರ: ಮೊದಲು ಇವತ್ತು ರಾತ್ರಿಯೇ ಮಾಡಬೇಕಾದ ಕೆಲಸ. ಫ್ರೀಜರಿನ ನಾಬನ್ನು ಕೊನೆಯಿಂದ ನಡುವಿಗೆ ತನ್ನಿ. ಕೆಳಗಿನ ಡಯಲನ್ನು 4ಕ್ಕೆ ಇಡಿ. ಒಂದು ಇಡೀ ದಿನ ಎರಡನ್ನೂ ಮುಟ್ಟಬೇಡಿ. ಇಷ್ಟು ಬಿಸಿಲಲ್ಲಿ ನಂಬರ್ ಇಳಿಸುವುದೇ ಎಂದು ಮನಸ್ಸು ಒಪ್ಪದಿರಬಹುದು. ಆದರೆ ನೀವು ಅಳೆದು ಕೊಟ್ಟಿರುವ ಎರಡು ಅಂಕಿಗಳಲ್ಲೇ ಕಾರಣ ಇದೆ. ಮೈನಸ್ 24ರವರೆಗೆ ಇಳಿಸುವ ಶಕ್ತಿ ನಿಮ್ಮ ಫ್ರಿಜ್‌ಗೆ ಈಗಲೂ ಇದೆ. ತಂಪು ತಯಾರಾಗುತ್ತಿದೆ, ಕೆಳಗೆ ಇಳಿದು ಬರುತ್ತಿಲ್ಲ ಅಷ್ಟೆ.

ಡಯಲ್ ಮೇಲಿನ ಅಂಕಿ ಡಿಗ್ರಿಯಲ್ಲ, ವೇಗವೂ ಅಲ್ಲ. 7ಕ್ಕೆ ಇಟ್ಟರೆ ಬೇಗ ತಂಪಾಗುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಇನ್ವರ್ಟರ್ ಇಲ್ಲದ ಫ್ರಿಜ್‌ನಲ್ಲಿ ಕಂಪ್ರೆಸರ್‌ಗೆ ಗೊತ್ತಿರುವುದು ಎರಡೇ, ಓಡುವುದು ಮತ್ತು ನಿಲ್ಲುವುದು. 2ರಲ್ಲಿಟ್ಟಾಗ ಓಡುವ ವೇಗವೇ 7ರಲ್ಲೂ ಇರುತ್ತದೆ. ಡಯಲ್ ತಿರುಗಿಸಿದಾಗ ಥರ್ಮೋಸ್ಟಾಟ್ ಒಳಗಿನ ಸ್ಪ್ರಿಂಗ್‌ನ ಬಿಗಿ ಬದಲಾಗುತ್ತದೆ, ಎಷ್ಟು ತಂಪಾದ ಮೇಲೆ ಕಂಪ್ರೆಸರ್ ನಿಲ್ಲಬೇಕು ಎನ್ನುವುದು ಬದಲಾಗುತ್ತದೆ. ಈಗ ನಿಮ್ಮ ಫ್ರಿಜ್‌ನ ಒಳಗೆ 11 ಡಿಗ್ರಿ ಇದೆ. ಅದು 4ನೇ ನಂಬರಿನ ನಿಲ್ದಾಣವನ್ನೇ ಇನ್ನೂ ಮುಟ್ಟಿಲ್ಲ. ಅಲ್ಲಿಯವರೆಗೆ 4 ಮತ್ತು 7ಕ್ಕೆ ಯಾವ ವ್ಯತ್ಯಾಸವೂ ಇಲ್ಲ, ಎರಡರಲ್ಲೂ ಕಂಪ್ರೆಸರ್ ಬಿಡದೆ ಓಡುತ್ತಲೇ ಇರುತ್ತದೆ. ಹಾಗಾಗಿ ಡಯಲ್ ಇಳಿಸಿದ್ದರಿಂದ ಕಳೆದುಕೊಳ್ಳುವುದೇನೂ ಇಲ್ಲ.

ಇನ್ನು ಮೇಲಿನ ನಾಬ್. ಎರಡು ಬಾಗಿಲಿನ ಹೆಚ್ಚಿನ ಫ್ರಾಸ್ಟ್ ಫ್ರೀ ಫ್ರಿಜ್‌ಗಳಲ್ಲಿ ತಂಪು ಮಾಡುವ ಕಾಯಿಲ್ ಒಂದೇ. ಅದು ಫ್ರೀಜರಿನ ಹಿಂದಿನ ಪ್ಯಾನೆಲ್ ಒಳಗೆ ಅಡಗಿರುತ್ತದೆ. ಅದರ ತಣ್ಣನೆಯ ಗಾಳಿಯನ್ನು ಫ್ಯಾನ್ ದೂಡುತ್ತದೆ. ಬಹುಪಾಲು ಫ್ರೀಜರಿಗೆ, ಉಳಿದದ್ದು ಒಂದು ಕಿಂಡಿಯ ಮೂಲಕ ಕೆಳಗಿನ ಫ್ರಿಜ್‌ಗೆ. ಆ ಕಿಂಡಿಗೆ ಒಂದು ಸಣ್ಣ ಬಾಗಿಲಿರುತ್ತದೆ, ಮೆಕ್ಯಾನಿಕ್‌ಗಳು ಡ್ಯಾಂಪರ್ ಎನ್ನುತ್ತಾರೆ. ನಿಮ್ಮ ಫ್ರೀಜರಿನಲ್ಲಿರುವ ನಾಬ್ ತಿರುಗಿಸುವುದು ಈ ಬಾಗಿಲನ್ನು. ಒಂದೇ ಬೋರ್‌ವೆಲ್‌ನಿಂದ ಎರಡು ಹೊಲಕ್ಕೆ ನೀರು ಬಿಟ್ಟ ಹಾಗೆ ಇದು: ಮೇಲಿನ ಹೊಲಕ್ಕೆ ಪೂರ್ತಿ ತಿರುಗಿಸಿದರೆ ಕೆಳಗಿನದು ಒಣಗುತ್ತದೆ. ಫ್ರೀಜರಿನ ನಾಬನ್ನು ಅತಿ ತಂಪಿಗೆ ಇಟ್ಟಾಗ ಕೆಳಗೆ ಇಳಿಯುವ ಗಾಳಿ ಕಡಿಮೆಯಾಗುತ್ತದೆ. ಕಂಪ್ರೆಸರನ್ನು ನಿಲ್ಲಿಸಬೇಕಾದ ಥರ್ಮೋಸ್ಟಾಟ್ ಕೂತಿರುವುದು ಕೆಳಗೆ, ಅಲ್ಲಿ ತಂಪಾಗುತ್ತಲೇ ಇಲ್ಲ. ಹಾಗಾಗಿ ಕಂಪ್ರೆಸರ್ ನಿಲ್ಲುವುದಿಲ್ಲ, ಅದು ಮಾಡಿದ ತಂಪೆಲ್ಲ ಮೇಲೆಯೇ ಸೇರಿ ಮೈನಸ್ 24 ಆಗುತ್ತದೆ. ಕರೆಂಟ್ ಬಿಲ್ ಏರುತ್ತದೆ, ಹಾಲು ಒಡೆಯುತ್ತದೆ.

ಯಾವ ನಾಬ್ ಯಾವುದು ಎಂದು ಖಚಿತ ಮಾಡಿಕೊಳ್ಳಿ, ಏಕೆಂದರೆ ಕೆಲವು ಮಾಡೆಲ್‌ಗಳಲ್ಲಿ ಇದು ತಿರುವುಮುರುವು. ಕಂಪ್ರೆಸರ್ ಓಡುತ್ತಿರುವಾಗ ಒಂದೊಂದೇ ನಾಬನ್ನು ನಿಧಾನವಾಗಿ ಕನಿಷ್ಠಕ್ಕೆ ತಿರುಗಿಸಿ. ಥರ್ಮೋಸ್ಟಾಟ್ ಆಗಿದ್ದರೆ ಸಾಮಾನ್ಯವಾಗಿ 0 ಅಥವಾ ಆಫ್‌ಗೆ ಬರುವಾಗ 'ಟಕ್' ಎಂಬ ಸದ್ದು ಬರುತ್ತದೆ, ಹಿಂದುಗಡೆಯ ಗುಂಯ್‌ಗುಡುವಿಕೆ ನಿಲ್ಲುತ್ತದೆ. ಡ್ಯಾಂಪರ್ ಆಗಿದ್ದರೆ ಸದ್ದಿಲ್ಲದೆ ತಿರುಗುತ್ತದೆ, ಕಂಪ್ರೆಸರ್ ತನ್ನ ಪಾಡಿಗೆ ಓಡುತ್ತಿರುತ್ತದೆ. ಒಮ್ಮೆ ನಿಂತ ಕಂಪ್ರೆಸರನ್ನು ಕೂಡಲೇ ಮತ್ತೆ ಹಚ್ಚಬೇಡಿ, ಐದು ನಿಮಿಷ ಬಿಡಿ. ಒಳಗಿನ ಗ್ಯಾಸ್‌ನ ಒತ್ತಡ ಸಮವಾಗುವ ಮುಂಚೆ ಹಚ್ಚಿದರೆ ಮೋಟಾರಿಗೆ ಕಷ್ಟ. ಕೆಳಗಿನದು 'ಟಕ್' ಎಂದರೆ ನಾನು ಹೇಳಿದ್ದೆಲ್ಲ ನಿಮ್ಮ ಫ್ರಿಜ್‌ಗೆ ಹಾಗೆಯೇ ಹೊಂದುತ್ತದೆ. ನೀವು ಕೊಟ್ಟ ಅಂಕಿ ನೋಡಿದರೆ ಅದೇ ಬಗೆಯದು.

ಅಳೆಯುವ ಬಗ್ಗೆ ಒಂದು ಮಾತು. ನಮಗೆ ಬೇಕಾದದ್ದು ಕೆಳಗೆ 3ರಿಂದ 5 ಡಿಗ್ರಿ, ಮೇಲೆ ಮೈನಸ್ 18ರ ಆಸುಪಾಸು. 5ಕ್ಕಿಂತ ಮೇಲೆ ಹೋದಷ್ಟೂ ಹಾಲು, ಬೇಯಿಸಿದ ಅನ್ನ, ಸಾರಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವ ವೇಗ ಹೆಚ್ಚು. ಸೊನ್ನೆಗಿಂತ ಕೆಳಗೆ ಇಳಿದರೆ ಕೊತ್ತಂಬರಿ ಸೊಪ್ಪು, ಸೌತೆಕಾಯಿ, ಟೊಮೆಟೊ ಹೆಪ್ಪುಗಟ್ಟಿ ಆಮೇಲೆ ನೀರು ನೀರಾಗುತ್ತವೆ. ಥರ್ಮಾಮೀಟರನ್ನು ಶೆಲ್ಫ್ ಮೇಲೆ ಬರಿದೆ ಇಟ್ಟರೆ ಅದು ಗಾಳಿಯ ಶಾಖ ತೋರಿಸುತ್ತದೆ, ಬಾಗಿಲು ತೆಗೆದ ಕ್ಷಣದಲ್ಲೇ ಅಂಕಿ ಓಡುತ್ತದೆ. ಅದರ ಬದಲು ಒಂದು ಲೋಟ ನೀರನ್ನು ನಡುವಿನ ಶೆಲ್ಫ್‌ನಲ್ಲಿ, ಗೋಡೆಗೆ ತಾಗದಂತೆ ಇಟ್ಟು, ಥರ್ಮಾಮೀಟರಿನ ತುದಿಯನ್ನು ಅದರೊಳಗೆ ಮುಳುಗಿಸಿ. ರಾತ್ರಿ ಇಟ್ಟು ಬೆಳಿಗ್ಗೆ, ಹಾಲಿಗೆಂದು ಮೊದಲ ಸಲ ಬಾಗಿಲು ತೆಗೆದಾಗ ಓದಿ. ಫ್ರೀಜರಿನಲ್ಲಿ ಎರಡು ಗಟ್ಟಿ ಪ್ಯಾಕೆಟ್‌ಗಳ ನಡುವೆ ಸಿಕ್ಕಿಸಿ. ಉದ್ದ ತಂತಿಯ ತುದಿಯಲ್ಲಿ ಪ್ರೋಬ್ ಇರುವ ಡಿಜಿಟಲ್ ಥರ್ಮಾಮೀಟರ್ ಇದಕ್ಕೆ ಸಾಕು. ಜ್ವರ ನೋಡುವ ಥರ್ಮಾಮೀಟರ್ ಇಷ್ಟು ಕೆಳಗಿನ ಶಾಖ ತೋರಿಸುವುದಿಲ್ಲ. ನೀವು ಈಗಾಗಲೇ ಓದಿದ 11 ಬರಿಯ ಗಾಳಿಯದ್ದಾಗಿದ್ದರೆ ಲೋಟದಲ್ಲಿ ಅಂಕಿ ಸ್ವಲ್ಪ ಬೇರೆ ಬಂದೀತು. ಆದರೆ ಹಿಟ್ಟು ಉಕ್ಕುತ್ತಿದೆ ಎಂದ ಮೇಲೆ ಕೆಳಗೆ ಬಿಸಿ ಇರುವುದಂತೂ ನಿಜ. 4 ಡಿಗ್ರಿಯಲ್ಲಿ ಹಿಟ್ಟು ಒಂದು ರಾತ್ರಿಗೆ ಹಾಗೆ ಉಕ್ಕುವುದಿಲ್ಲ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಬೇಸಿಗೆಗೆಷ್ಟು, ಚಳಿಗಾಲಕ್ಕೆಷ್ಟು. ಇದಕ್ಕೆ ಎಲ್ಲ ಫ್ರಿಜ್‌ಗೂ ಒಂದೇ ಉತ್ತರ ಇಲ್ಲ. ಥರ್ಮೋಸ್ಟಾಟ್ ಯಾವ ಜಾಗದ ತಂಪನ್ನು ನೋಡುತ್ತಿದೆ ಎಂಬುದರ ಮೇಲೆ ಅದು ನಿಂತಿದೆ. ಅದು ನೋಡುವ ಜಾಗವನ್ನು ಋತು ಯಾವುದೇ ಇರಲಿ ಹೆಚ್ಚುಕಡಿಮೆ ಹಾಗೆಯೇ ಕಾಯುತ್ತದೆ. ಅದು ನೋಡದ ಜಾಗ ಮಾತ್ರ ಹವೆಯ ಜೊತೆ ಏರುತ್ತದೆ, ಇಳಿಯುತ್ತದೆ.

ಗೋಡೆಯ ಮೂಲಕ ಒಳಗೆ ನುಸುಳುವ ಬಿಸಿ, ಹೊರಗಿನ ಮತ್ತು ಒಳಗಿನ ಶಾಖದ ಅಂತರಕ್ಕೆ ತಕ್ಕಂತೆ ಇರುತ್ತದೆ. ಮೇ ತಿಂಗಳ ಮಧ್ಯಾಹ್ನ ನಿಮ್ಮ ಅಡುಗೆಮನೆ 42 ಡಿಗ್ರಿ ಇದ್ದರೆ, ಒಳಗಿನ 4ಕ್ಕೂ ಅದಕ್ಕೂ ಅಂತರ 38. ಡಿಸೆಂಬರಿನ ಬೆಳಿಗ್ಗೆ 20 ಇದ್ದರೆ ಅಂತರ 16. ಅಂದರೆ ಬೇಸಿಗೆಯಲ್ಲಿ ಎರಡು ಪಟ್ಟಿಗೂ ಹೆಚ್ಚು ಬಿಸಿ ಒಳಗೆ ಬರುತ್ತದೆ. ಬಾಗಿಲು ತೆರೆದಾಗ ಬರುವುದು ಬೇರೆ. ಅದನ್ನು ಹೊರಹಾಕಲು ಕಂಪ್ರೆಸರ್ ಹೆಚ್ಚು ಹೊತ್ತು ಓಡಲೇಬೇಕು. ಮೇ ತಿಂಗಳಲ್ಲಿ ಗಂಟೆಗೆ ಮುಕ್ಕಾಲು ಪಾಲು ಓಡಿದರೂ ಅದನ್ನು ರೋಗ ಎನ್ನಲಾಗದು. ಬೆಳಗಿನ ಜಾವ ಮನೆಯೆಲ್ಲ ತಣ್ಣಗಿದ್ದಾಗಲೂ ನಿಲ್ಲದಿದ್ದರೆ ಮಾತ್ರ ಯೋಚಿಸಿ.

ನಿಮ್ಮ ಫ್ರಾಸ್ಟ್ ಫ್ರೀಯಲ್ಲಿ ಥರ್ಮೋಸ್ಟಾಟ್ ನೋಡುವುದು ಕೆಳಗಿನ ಫ್ರಿಜ್ಜನ್ನು. ಬೇಸಿಗೆಯಲ್ಲಿ ಕೆಳಗೆ 4 ಡಿಗ್ರಿ ಕಾಯಲು ಕಂಪ್ರೆಸರ್ ಬಹಳ ಹೊತ್ತು ಓಡುತ್ತದೆ, ಅಷ್ಟೂ ಹೊತ್ತು ಫ್ರೀಜರಿಗೂ ಗಾಳಿ ಹೋಗುತ್ತಿರುತ್ತದೆ. ಫ್ರೀಜರ್ ತಾನಾಗಿಯೇ ಬೇಕಾದದ್ದಕ್ಕಿಂತ ತಂಪಾಗುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಫ್ರೀಜರಿನ ನಾಬನ್ನು ಏರಿಸಬಾರದು, ನಡುವಿಗೋ ನಡುವಿಗಿಂತ ಒಂದು ಗೆರೆ ಕೆಳಗೋ ಇಟ್ಟು, ಮಿಕ್ಕ ತಂಪನ್ನು ಕೆಳಗೆ ಕಳಿಸಬೇಕು. ಚಳಿಗಾಲದಲ್ಲಿ ಇದು ಉಲ್ಟಾ. ಕೆಳಗಿನ ಫ್ರಿಜ್ ಬೇಗ ತಂಪಾಗಿ ಕಂಪ್ರೆಸರ್ ಬೇಗ ನಿಲ್ಲುತ್ತದೆ, ಬಹಳ ಹೊತ್ತು ನಿಂತೇ ಇರುತ್ತದೆ. ಫ್ರೀಜರಿಗೆ ಪಾಲು ಸಾಲದೆ ಮೈನಸ್ 18ರಿಂದ ಮೈನಸ್ 12ರ ಕಡೆ ಏರಬಹುದು. ಐಸ್‌ಕ್ರೀಂಗೆ ಚಮಚ ಸಲೀಸಾಗಿ ಇಳಿಯಿತು ಎಂದರೆ ಇದೇ ಆಗಿದೆ ಎಂದು ತಿಳಿಯಿರಿ. ಆಗ ಫ್ರೀಜರಿನ ನಾಬನ್ನು ಒಂದು ಗೆರೆ ತಂಪಿನ ಕಡೆ ತಿರುಗಿಸಿ. ಕೆಳಗೆ ಹೋಗುವ ಗಾಳಿ ಕಡಿಮೆಯಾಗಿ, ಅಲ್ಲಿ ತಂಪಾಗಲು ಹೊತ್ತು ಹಿಡಿದು, ಕಂಪ್ರೆಸರ್ ಹೆಚ್ಚು ಓಡಿ, ಫ್ರೀಜರ್ ಮತ್ತೆ ಗಟ್ಟಿಯಾಗುತ್ತದೆ. ನೀವು ಬೇಸಿಗೆಗೆಂದು ಮಾಡಿದ್ದು ಚಳಿಗಾಲದ ಕೆಲಸ.

ಕೆಳಗಿನ ಡಯಲಿಗೆ ಋತುವಿನ ಜೊತೆ ಅಷ್ಟೇನೂ ಕೆಲಸವಿಲ್ಲ. ಬೇಸಿಗೆಯಲ್ಲಿ ಬಾಗಿಲು ಹತ್ತು ಸಲ ತೆಗೆಯುತ್ತೀರಿ, ನೀರಿನ ಬಾಟಲಿಗಳು ಬಿಸಿಯಾಗಿ ಒಳಗೆ ಹೋಗುತ್ತವೆ, ಅದಕ್ಕಾಗಿ 4. ಉಳಿದ ದಿನಕ್ಕೆ 3. ರಾಯಚೂರಿನಲ್ಲಿ ಯುಗಾದಿ ಹೊತ್ತಿಗೆ 4ಕ್ಕೆ ತಂದು, ಮಿರಗದ ಮಳೆ ಹಿಡಿದ ಮೇಲೆ 3ಕ್ಕೆ ಇಳಿಸಿದರೆ ವರ್ಷವಿಡೀ ನಡೆಯುತ್ತದೆ. ನಿಮ್ಮೂರಿನಲ್ಲಿ ಡಿಸೆಂಬರಿನಲ್ಲೂ ಮನೆಯೊಳಗೆ ಅಂಥ ಚಳಿ ಇರುವುದಿಲ್ಲವಾದ್ದರಿಂದ ಫ್ರೀಜರ್ ಮೆತ್ತಗಾಗುವ ತೊಂದರೆ ನಿಮಗೆ ಬರಲಿಕ್ಕಿಲ್ಲ. ಮಡಿಕೇರಿಯ ಕಡೆಯ ಮನೆಗಳಲ್ಲಿ, ಜನವರಿಯ ದೆಹಲಿಯಲ್ಲಿರುವ ನಮ್ಮವರ ಅಡುಗೆಮನೆಗಳಲ್ಲಿ ಬರುತ್ತದೆ. ಕೋಣೆಯ ಶಾಖ 16 ಡಿಗ್ರಿಗಿಂತ ಕೆಳಗಿಳಿದರೆ ಹೆಚ್ಚಿನ ಫ್ರಿಜ್‌ಗಳು ತಯಾರಾದ ಮಿತಿಯ ಹೊರಗೆ ಕೆಲಸ ಮಾಡುತ್ತಿರುತ್ತವೆ. ಫ್ರಿಜ್‌ನ ಒಳಗೋಡೆಯ ಅಥವಾ ಹಿಂಬದಿಯ ಸ್ಟಿಕ್ಕರಿನಲ್ಲಿ ಕ್ಲೈಮೇಟ್ ಕ್ಲಾಸ್ ಎಂದು T ಅಕ್ಷರ ಇದ್ದರೆ ಅದು 16ರಿಂದ 43 ಡಿಗ್ರಿಯ ಕೋಣೆಗೆ ಮಾಡಿದ್ದು, ST ಇದ್ದರೆ 16ರಿಂದ 38ಕ್ಕೆ. ನಿಮ್ಮದರಲ್ಲಿ ಏನಿದೆ ನೋಡಿಕೊಳ್ಳಿ. ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ಒರಗಿಸಿ, ಒಲೆಯ ಪಕ್ಕದಲ್ಲಿಟ್ಟ ಫ್ರಿಜ್‌ನ ಸುತ್ತ ಮೇ ತಿಂಗಳಲ್ಲಿ 43 ದಾಟುವುದು ದೊಡ್ಡ ಮಾತಲ್ಲ. ಆ ಹೊತ್ತಿನಲ್ಲಿ ಯಾವ ನಂಬರೂ ನೆರವಿಗೆ ಬರುವುದಿಲ್ಲ. ಹಿಂದೆ ಒಂದು ಗೇಣು ಜಾಗ ಬಿಟ್ಟು, ಸಾಧ್ಯವಿದ್ದರೆ ಒಳಗೋಡೆಯ ಪಕ್ಕಕ್ಕೆ ಸರಿಸುವುದೇ ದಾರಿ.

ಅತ್ತೆಯವರ ಸಿಂಗಲ್ ಡೋರ್‌ಗೆ ಬರೋಣ. ಅದರಲ್ಲಿ ಫ್ಯಾನ್ ಇಲ್ಲ, ಡ್ಯಾಂಪರ್ ಇಲ್ಲ. ಮೇಲಿನ ಐಸ್ ಪೆಟ್ಟಿಗೆಯೇ ತಂಪಿನ ಮೂಲ, ಅದರಿಂದ ಭಾರವಾದ ತಣ್ಣನೆ ಗಾಳಿ ತಾನಾಗಿ ಕೆಳಗಿಳಿಯಬೇಕು. ಥರ್ಮೋಸ್ಟಾಟಿನ ತುದಿಯನ್ನು ಸಾಮಾನ್ಯವಾಗಿ ಆ ಐಸ್ ಪೆಟ್ಟಿಗೆಯ ಲೋಹಕ್ಕೇ ಕಚ್ಚಿಸಿರುತ್ತಾರೆ. ಅಂದರೆ ಅದು ನೋಡುವುದು ಫ್ರೀಜರನ್ನು, ತರಕಾರಿ ಇಟ್ಟ ಜಾಗವನ್ನಲ್ಲ. ಹಾಗಾಗಿ ಫ್ರೀಜರ್ ವರ್ಷವಿಡೀ ಒಂದೇ ಹದದಲ್ಲಿರುತ್ತದೆ, ಕೆಳಗಿನ ಭಾಗ ಬೇಸಿಗೆಯಲ್ಲಿ ಬಿಸಿಯಾಗಿ ಚಳಿಗಾಲದಲ್ಲಿ ಅತಿ ತಂಪಾಗುತ್ತದೆ. ಇಲ್ಲಿ ಹಿರಿಯರು ಹೇಳುವ ಲೆಕ್ಕವೇ ಸರಿ. 3ರಲ್ಲಿ ನಡೆಯುತ್ತಿದ್ದರೆ ಬೇಸಿಗೆಗೆ 4, ತೀರಾ ಧಗೆ ಇದ್ದರೆ 5, ಚಳಿಗಾಲಕ್ಕೆ 2. ಚಿಲ್ಲರ್ ಟ್ರೇಯಲ್ಲಿಟ್ಟ ಹಾಲಿನ ಪ್ಯಾಕೆಟ್ಟಿನೊಳಗೆ ಐಸ್ ಚೂರು ಕಂಡರೆ ಚಳಿಗಾಲ ಬಂತು, ಒಂದು ಇಳಿಸಬೇಕು ಎಂದು ಅರ್ಥ.

ಆದರೆ ಸಿಂಗಲ್ ಡೋರ್‌ನಲ್ಲೂ 7ಕ್ಕೆ ಹೋಗಬೇಡಿ. ಬೇಸಿಗೆಯಲ್ಲಿ 7ಕ್ಕೆ ಇಟ್ಟರೆ ಐಸ್ ಪೆಟ್ಟಿಗೆ ಆ ಮಟ್ಟಕ್ಕೆ ಇಳಿಯಲಾಗದೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಬಾಗಿಲು ತೆಗೆದಾಗಲೆಲ್ಲ ಒಳಬಂದ ಹಸಿ ಗಾಳಿಯ ನೀರು ಪೆಟ್ಟಿಗೆಯ ಮೇಲೆ ಹಿಮವಾಗಿ ಕೂರುತ್ತಾ ಹೋಗುತ್ತದೆ. ಹಿಮ ತಂಪನ್ನು ತಡೆದು ಹಿಡಿಯುವ ವಸ್ತು. ಬೆರಳಿನಷ್ಟು ದಪ್ಪವಾದ ಮೇಲೆ ಪೆಟ್ಟಿಗೆಯ ಲೋಹ ಎಷ್ಟೇ ತಣ್ಣಗಿದ್ದರೂ ಆ ತಂಪು ಕೆಳಗಿನ ಗಾಳಿಗೆ ದಾಟುವುದಿಲ್ಲ. ಹೊರಗಿನಿಂದ ನೋಡುವವರಿಗೆ 'ಇಷ್ಟು ಐಸ್ ಇದೆ, ಆದರೂ ನೀರು ತಣ್ಣಗಿಲ್ಲ' ಎನಿಸುತ್ತದೆ. ಅವರು ನಂಬರ್ ಇನ್ನೂ ಏರಿಸುತ್ತಾರೆ, ಹಿಮ ಇನ್ನೂ ಬೆಳೆಯುತ್ತದೆ. ಹಿಮ ಅರ್ಧ ಸೆಂಟಿಮೀಟರ್ ಆಗುತ್ತಿದ್ದಂತೆ ಡಯಲ್ ನಡುವಿನ ಡಿಫ್ರಾಸ್ಟ್ ಬಟನ್ ಒತ್ತಲು ಹೇಳಿ. ರಾತ್ರಿ ಮಲಗುವಾಗ ಒತ್ತಿದರೆ ಕಂಪ್ರೆಸರ್ ನಿಂತು, ಹಿಮ ಕರಗಿದ ಮೇಲೆ ತಾನೇ ಹೊರಡುತ್ತದೆ. ಚಾಕು, ಸ್ಕ್ರೂಡ್ರೈವರಿನಿಂದ ಕೆರೆಯಲೇಬಾರದು. ಅಲ್ಯೂಮಿನಿಯಂ ತಗಡಿನೊಳಗೇ ಗ್ಯಾಸ್ ಹರಿಯುತ್ತಿರುತ್ತದೆ, ಒಂದು ತೂತು ಬಿದ್ದರೆ ಗ್ಯಾಸೆಲ್ಲ ಹೋಗುತ್ತದೆ. ಇನ್ನೊಂದು, ಶೆಲ್ಫ್‌ಗಳ ಮೇಲೆ ಅಂದಕ್ಕೆಂದು ಹಾಸುವ ಪ್ಲಾಸ್ಟಿಕ್ ಮ್ಯಾಟ್. ಫ್ಯಾನ್ ಇಲ್ಲದ ಫ್ರಿಜ್‌ನಲ್ಲಿ ತಂತಿ ಶೆಲ್ಫ್‌ನ ಸಂದುಗಳೇ ಗಾಳಿ ಇಳಿಯುವ ದಾರಿ. ಮ್ಯಾಟ್ ಹಾಸಿದರೆ ಮೇಲಿನ ಶೆಲ್ಫ್ ತಣ್ಣಗೆ, ಕೆಳಗಿನದು ಬೆಚ್ಚಗೆ. ಬೇಸಿಗೆಯಲ್ಲಾದರೂ ತೆಗೆಸಿಡಿ.

ಹೊಸ ಫ್ರಿಜ್‌ಗಳಲ್ಲಿ ಡಿಗ್ರಿಯನ್ನೇ ತೋರಿಸುವ ಡಿಜಿಟಲ್ ಪ್ಯಾನೆಲ್ ಇದ್ದು, ಮೇಲೆ ಕೆಳಗೆ ಬೇರೆಬೇರೆ ಸೆನ್ಸರ್ ಇದ್ದರೆ ಈ ತಲೆನೋವು ಬಹುಪಾಲು ಇಲ್ಲ. 4 ಮತ್ತು ಮೈನಸ್ 18ಕ್ಕೆ ಇಟ್ಟು ಬಿಟ್ಟುಬಿಡಬಹುದು.

ಮತ್ತೆ ನಿಮ್ಮ ಫ್ರಿಜ್‌ಗೆ. ನಾಬ್ ಬದಲಿಸಿದ ಮಾರನೇ ಬೆಳಿಗ್ಗೆ ಲೋಟದ ನೀರು 11ರಿಂದ 6 ಅಥವಾ 7ಕ್ಕೆ ಇಳಿದಿದ್ದರೆ ದಾರಿ ಸರಿಯಿದೆ, ಇನ್ನೊಂದು ದಿನ ಕಾಯಿರಿ. ತುಂಬಿದ ಫ್ರಿಜ್‌ಗೆ ಒಳಗಿನ ಸಾಮಾನೆಲ್ಲ ತಣ್ಣಗಾಗಲು ಹೊತ್ತು ಬೇಕು. ಆಮೇಲೂ 5ಕ್ಕಿಂತ ಮೇಲಿದ್ದು ಫ್ರೀಜರ್ ಮೈನಸ್ 20ಕ್ಕಿಂತ ತಂಪಿದ್ದರೆ ಫ್ರೀಜರಿನ ನಾಬನ್ನೇ ಇನ್ನೊಂದು ಗೆರೆ ಇಳಿಸಿ. ಫ್ರೀಜರ್ ಮೈನಸ್ 18ರಲ್ಲೇ ಇದ್ದು ಕೆಳಗೆ ಮಾತ್ರ 6 ಇದ್ದರೆ ಕೆಳಗಿನ ಡಯಲನ್ನು 5ಕ್ಕೆ ಏರಿಸಿ. ಒಂದು ಸಲಕ್ಕೆ ಒಂದೇ ನಾಬ್, ಒಂದೇ ಗೆರೆ, ನಂತರ ಒಂದು ದಿನ. ಎರಡನ್ನೂ ಒಟ್ಟಿಗೆ ತಿರುಗಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ಎರಡು ದಿನವಾದರೂ ಅಂಕಿ 11ರಿಂದ ಕದಲಲಿಲ್ಲ ಎನ್ನಿ. ಆಗ ಕೆಳಗಿನ ಫ್ರಿಜ್‌ನ ಮೇಲ್ಭಾಗದಲ್ಲಿರುವ ಗಾಳಿಕಿಂಡಿಗೆ ಕೈ ಹಿಡಿಯಿರಿ, ಬಾಗಿಲಿನ ಲೈಟ್ ಸ್ವಿಚ್ಚನ್ನು ಬೆರಳಿನಿಂದ ಒತ್ತಿ ಹಿಡಿದುಕೊಳ್ಳಿ. ಹಲವು ಮಾಡೆಲ್‌ಗಳಲ್ಲಿ ಬಾಗಿಲು ತೆಗೆದರೆ ಫ್ಯಾನ್ ನಿಲ್ಲುತ್ತದೆ, ಅದಕ್ಕೇ ಸ್ವಿಚ್ ಒತ್ತುವುದು. ಕಂಪ್ರೆಸರ್ ಓಡುತ್ತಿದ್ದು, ಮೇಲೆ ಫ್ಯಾನಿನ ಸದ್ದು ಕೇಳುತ್ತಿದ್ದು, ಕೈಗೆ ಗಾಳಿ ತಾಗದಿದ್ದರೆ ಹಾದಿಯಲ್ಲಿ ಐಸ್ ಕಟ್ಟಿಕೊಂಡಿದೆ. ಫ್ರಾಸ್ಟ್ ಫ್ರೀ ಎಂದರೆ ಹಿಮ ಆಗುವುದೇ ಇಲ್ಲ ಎಂದಲ್ಲ, ಕಾಯಿಲ್ ಮೇಲೆ ಆದದ್ದನ್ನು ಒಂದು ಹೀಟರ್ ಆಗಾಗ ಕರಗಿಸುತ್ತದೆ. ಆ ಹೀಟರ್, ಅದರ ಟೈಮರ್ ಅಥವಾ ಸೆನ್ಸರ್ ಕೆಟ್ಟರೆ ಕಾಯಿಲ್ ಐಸಿನಲ್ಲಿ ಹೂತುಹೋಗುತ್ತದೆ. ಖಚಿತ ಮಾಡಿಕೊಳ್ಳಲು ಫ್ರಿಜ್ ಖಾಲಿ ಮಾಡಿ, ಪ್ಲಗ್ ತೆಗೆದು, ಎರಡೂ ಬಾಗಿಲು ತೆರೆದು ಒಂದು ರಾತ್ರಿಯಿಡೀ ಬಿಡಿ, ಕೆಳಗೆ ಹಳೇ ಬಟ್ಟೆ ಹಾಸಿಡಿ. ಮತ್ತೆ ಹಚ್ಚಿದಾಗ ಕೆಲವು ದಿನ ಚೆನ್ನಾಗಿ ನಡೆದು ಆಮೇಲೆ ಅದೇ ರಾಗ ಎಂದರೆ ಡಿಫ್ರಾಸ್ಟ್ ಭಾಗವೇ ಕೆಟ್ಟಿದೆ. ಮೆಕ್ಯಾನಿಕ್ ಬಂದಾಗ ಈ ಪರೀಕ್ಷೆ ಮಾಡಿದ್ದನ್ನು ಹೇಳಿ, ಹೀಟರ್ ಮತ್ತು ಟೈಮರ್ ನೋಡಲು ಕೇಳಿ. ಅವರು ಬಂದ ಕೂಡಲೇ 'ಗ್ಯಾಸ್ ಖಾಲಿಯಾಗಿದೆ, ತುಂಬಿಸಬೇಕು' ಎಂದರೆ ಒಪ್ಪಬೇಡಿ, ಫ್ರೀಜರಿನ ಥರ್ಮಾಮೀಟರ್ ತೋರಿಸಿ. ಗ್ಯಾಸ್ ಕಡಿಮೆಯಾದ ಫ್ರಿಜ್ ಮೈನಸ್ 24 ಮುಟ್ಟುವುದಿಲ್ಲ.